ಅನುದಾನಿತ ಶಾಲೆ-ಕಾಲೇಜಿನ ಶಿಕ್ಷಕರಿಗೆ ಹಳೆ ಪಿಂಚಣಿ, ಪಿಎಫ್, ಎನ್‌ಪಿಎಸ್: ಯಾರಿಗೆ ಯಾವುದು, ಎರಡನೇ ಪಾಲು ಯಾರದು?

ಅನುದಾನಿತ ಶಾಲೆಯ ಶಿಕ್ಷಕರಿಗೆ ಸಂಬಳ ಬರುವುದು ಸರ್ಕಾರದ ಖಜಾನೆಯಿಂದ. ನೇಮಕಾತಿ ಆದೇಶಕ್ಕೆ ಸಹಿ ಹಾಕುವುದು ಆಡಳಿತ ಮಂಡಳಿಯ ಕಾರ್ಯದರ್ಶಿ. ಕೆಲಸದಲ್ಲಿರುವಷ್ಟು ದಿನ ಇದರಿಂದ ದೊಡ್ಡ ತೊಂದರೆ ಕಾಣುವುದಿಲ್ಲ. ನಿವೃತ್ತಿಯ ಲೆಕ್ಕ ಹಾಕಲು ಕುಳಿತಾಗ ಮಾತ್ರ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಸರ್ಕಾರ 'ನಿಮ್ಮ ಮಾಲೀಕರು ಆಡಳಿತ ಮಂಡಳಿ' ಎನ್ನುತ್ತದೆ, ಮಂಡಳಿಯವರು 'ಸಂಬಳ ಕೊಡುವುದು ಸರ್ಕಾರ, ನಾವೇಕೆ ಕಟ್ಟಬೇಕು' ಎನ್ನುತ್ತಾರೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಳೆಯ ವಿದ್ಯಾಸಂಸ್ಥೆಗಳಲ್ಲಿ ಒಂದೇ ಕೊಠಡಿಯಲ್ಲಿ ಕುಳಿತ ಮೂವರು ಶಿಕ್ಷಕರು ಮೂರು ಬೇರೆ ಸ್ಥಿತಿಯಲ್ಲಿರುವುದು ಸಾಮಾನ್ಯ. ಒಬ್ಬರಿಗೆ ಪೂರ್ಣ ಪಿಂಚಣಿ, ಇನ್ನೊಬ್ಬರಿಗೆ ಪಿಎಫ್, ಮತ್ತೊಬ್ಬರಿಗೆ ಏನೂ ಇಲ್ಲ.

ಆದ್ದರಿಂದ ಯಾವ ಯೋಜನೆಯಲ್ಲಿ ಬಡ್ಡಿ ಹೆಚ್ಚು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಡಿ. ನಿಮ್ಮ ಪಾಲಿನ ಪಕ್ಕದಲ್ಲಿ ಇನ್ನೊಂದು ಪಾಲು ಇಡಬೇಕಾದವರು ಯಾರು, ಅವರು ಇಡುತ್ತಿದ್ದಾರೆಯೇ ಎಂಬುದನ್ನು ಮೊದಲು ನೋಡಿ. ಆಯ್ಕೆ ನಿಲ್ಲುವುದು ಅದರ ಮೇಲೆ.

ಎರಡು ದಿನಾಂಕ ಹುಡುಕಿ

ಸೇವಾ ಪುಸ್ತಕ ಮತ್ತು ಇಲಾಖೆಯ ಅನುಮೋದನಾ ಆದೇಶ, ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಳ್ಳಿ. ನಿಮಗೆ ಬೇಕಾದದ್ದು ಎರಡು ದಿನಾಂಕ: ನೀವು ಕೆಲಸಕ್ಕೆ ಸೇರಿದ ದಿನ ಮತ್ತು ನಿಮ್ಮ ಹುದ್ದೆ ವೇತನಾನುದಾನಕ್ಕೆ ಒಳಪಟ್ಟ ದಿನ. ಎರಡೂ 2006ರ ಏಪ್ರಿಲ್ 1ಕ್ಕಿಂತ ಹಿಂದಿನವಾದರೆ ನೀವು ಹಳೆ ಪಿಂಚಣಿಯವರು. ಎರಡೂ ಅದರ ನಂತರದವಾದರೆ ಹಳೆ ಪಿಂಚಣಿ ಇಲ್ಲ. ರಾಜ್ಯ ಸರ್ಕಾರ ತನ್ನ ನೌಕರರಿಗೆ ಎನ್‌ಪಿಎಸ್ ಎಂಬ ವಂತಿಗೆ ಆಧಾರಿತ ಹೊಸ ಪಿಂಚಣಿ ತಂದದ್ದು ಆ ದಿನದಿಂದ, ಅನುದಾನಿತ ಸಂಸ್ಥೆಗಳಿಗೂ ಗೆರೆ ಬಿದ್ದದ್ದು ಅಲ್ಲಿಯೇ.

ಹೆಚ್ಚು ಜನ ಎಡವುವುದು ಮೂರನೇ ಸ್ಥಿತಿಯಲ್ಲಿ: ಸೇರಿದ್ದು 2006ಕ್ಕೆ ಮೊದಲು, ಅನುದಾನ ಬಂದದ್ದು ನಂತರ. 1987ರಿಂದ 1995ರ ನಡುವೆ ಶುರುವಾದ ಶಾಲೆಗಳಲ್ಲಿ ಹೀಗಾದವರು ಬಹಳ. ಹತ್ತು ಹದಿನೈದು ವರ್ಷ ಮಂಡಳಿಯ ಸಣ್ಣ ಸಂಬಳದಲ್ಲಿ ದುಡಿದು, ಆಮೇಲೆ ಹುದ್ದೆಗೆ ಅನುದಾನ ಸಿಕ್ಕಿತು. ಆ ಹಿಂದಿನ ಸೇವೆ ಪಿಂಚಣಿಗೆ ಲೆಕ್ಕಕ್ಕೆ ಬರಬೇಕೆಂದು ಹಲವರು ನ್ಯಾಯಾಲಯಕ್ಕೆ ಹೋದರು. ನಂತರ 2014ರಲ್ಲಿ ರಾಜ್ಯ ಸರ್ಕಾರ ಖಾಸಗಿ ಅನುದಾನಿತ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ನಿಯಂತ್ರಣಕ್ಕೆಂದೇ ಒಂದು ಕಾಯಿದೆ ತಂದಿತು. ಅನುದಾನಕ್ಕೆ ಒಳಪಟ್ಟ ದಿನದಿಂದಲೇ ಸೇವೆಯ ಲೆಕ್ಕ, ಅದಕ್ಕೂ ಹಿಂದಿನದು ಇಲ್ಲ ಎಂಬುದು ಅದರ ತಿರುಳು. ಹಾಗಾಗಿ ಈ ಗುಂಪಿನವರು ನೇಮಕಾತಿ ಆದೇಶ ಹಳೆಯದೆಂದು ನೆಚ್ಚಿ ಕೂರುವುದು ಅಪಾಯ. ಹಳೆ ಪಿಂಚಣಿಗಾಗಿ ಸಂಘದ ಜೊತೆ ಹೋರಾಡುವುದು ನ್ಯಾಯವೇ. ಆದರೆ ಹೋರಾಟ ಗೆದ್ದಾಗ ಬರುವ ಹಣವನ್ನು ಈಗಲೇ ಲೆಕ್ಕಕ್ಕೆ ಹಿಡಿದು ಉಳಿತಾಯ ನಿಲ್ಲಿಸಬಾರದು.

2024ರ ಜನವರಿಯ ಸರ್ಕಾರಿ ಆದೇಶವನ್ನು ತೋರಿಸಿ 'ನಮಗೂ ಹಳೆ ಪಿಂಚಣಿ ಬಂತು' ಎನ್ನುವವರಿದ್ದಾರೆ. ಅದು 2006ರ ಏಪ್ರಿಲ್‌ಗೆ ಮೊದಲು ಹೊರಟ ಅಧಿಸೂಚನೆಯ ಮೂಲಕ ಆಯ್ಕೆಯಾಗಿ, ನಂತರ ಸೇರಿದ ಸರ್ಕಾರಿ ನೌಕರರಿಗಾಗಿ ಹೊರಟ ಆದೇಶ. ಕೇಂದ್ರದ ಏಕೀಕೃತ ಪಿಂಚಣಿ ಯೋಜನೆಗೂ ನಮ್ಮ ಶಾಲೆಗಳಿಗೂ ಸಂಬಂಧವಿಲ್ಲ.

ಹಳೆ ಪಿಂಚಣಿಯವರು

ಇವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಈ ಪಿಂಚಣಿಯ ಬೇರು 1963ರ ನಿಯಮಗಳಲ್ಲಿದೆ. ಭವಿಷ್ಯ ನಿಧಿ, ವಿಮೆ, ಪಿಂಚಣಿ ಮೂರೂ ಸೇರಿದ್ದರಿಂದ ಶಾಲೆಗಳಲ್ಲಿ ಅದು ತ್ರಿವಳಿ ಸೌಲಭ್ಯ ಯೋಜನೆ ಎಂದೇ ಪರಿಚಿತ. ಪಿಂಚಣಿ ಕೊಡುವುದು ಸರ್ಕಾರ. 10 ವರ್ಷ ಅರ್ಹ ಸೇವೆ ಇದ್ದರೆ ಹಕ್ಕು ಹುಟ್ಟುತ್ತದೆ, 30 ವರ್ಷವಾದರೆ ಕೊನೆಯ ಮೂಲವೇತನದ ಅರ್ಧ, ಅದಕ್ಕಿಂತ ಕಡಿಮೆಯಾದರೆ ಅದೇ ಪ್ರಮಾಣದಲ್ಲಿ. ಮೇಲೆ ತುಟ್ಟಿಭತ್ಯೆ ಏರುತ್ತಾ ಹೋಗುತ್ತದೆ. ತೀರಿಕೊಂಡರೆ ಕುಟುಂಬ ಪಿಂಚಣಿ ಇದೆ.

ಇಲ್ಲಿ ಕೆಡುವುದು ಕಾಗದದಲ್ಲಿ. ಅನುಮೋದನೆ ಇಲ್ಲದ ಅವಧಿ, ಸೇವಾ ಪುಸ್ತಕದಲ್ಲಿ ನಮೂದಾಗದ ರಜೆ, ಸಂಸ್ಥೆ ಬದಲಿಸಿದಾಗ ಹಿಂದಿನ ಸೇವೆಯ ಮುಂದುವರಿಕೆಗೆ ಆದೇಶ ಪಡೆಯದಿರುವುದು. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಸೇವಾ ಪುಸ್ತಕವನ್ನು ಮೊದಲ ಪುಟದಿಂದ ಓದಿ. ಪ್ರತಿ ವರ್ಷದ ಸೇವಾ ದೃಢೀಕರಣದ ಸಾಲಿನ ಕೆಳಗೆ ಮುಖ್ಯಶಿಕ್ಷಕರ ಸಹಿ ಬಿಟ್ಟುಹೋಗಿದ್ದರೆ ಆ ಮುಖ್ಯಶಿಕ್ಷಕರು ಊರಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಕಡತ ಬಿಇಒ ಮತ್ತು ಉಪನಿರ್ದೇಶಕರ ಕಚೇರಿ ದಾಟಿ ಮಹಾಲೇಖಪಾಲರ ಕಚೇರಿಗೆ ಹೋದ ಮೇಲೆ ಒಂದು ಆಕ್ಷೇಪಣೆ ಬಂದರೂ ತಿಂಗಳುಗಟ್ಟಲೆ ಹೋಗುತ್ತದೆ.

ಇನ್ನು ಉಳಿದ ಮಾತೆಲ್ಲ 2006ರ ನಂತರದವರದ್ದು.

ಇಪಿಎಫ್: ಅನುದಾನ ಇದೆ ಎಂದ ಮಾತ್ರಕ್ಕೆ ಹೊರಗುಳಿಯುವುದಿಲ್ಲ

'ನಮ್ಮದು ಅನುದಾನಿತ ಸಂಸ್ಥೆ, ಪಿಎಫ್ ನಮಗೆ ಬರುವುದಿಲ್ಲ' ಎಂಬ ಮಾತು ಮಂಡಳಿಗಳ ಬಾಯಲ್ಲಿ ಸದಾ ಇರುತ್ತದೆ. ಶಿಕ್ಷಣ ಸಂಸ್ಥೆಗಳು ಭವಿಷ್ಯ ನಿಧಿ ಕಾನೂನಿನೊಳಗೆ ಬಂದದ್ದು 1982ರಲ್ಲಿ. 20 ಅಥವಾ ಹೆಚ್ಚು ಜನ ದುಡಿಯುತ್ತಿದ್ದರೆ ಸಾಕು. ಒಂದೇ ಟ್ರಸ್ಟಿನ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಕಾಲೇಜು, ಹಾಸ್ಟೆಲ್‌ಗಳನ್ನು ಒಂದೇ ಸಂಸ್ಥೆಯ ಶಾಖೆಗಳೆಂದು ಹಿಡಿದು ತಲೆ ಎಣಿಸುತ್ತಾರೆ. ಆದ್ದರಿಂದ 'ನಮ್ಮ ಶಾಲೆಯಲ್ಲಿ ಹನ್ನೆರಡೇ ಜನ' ಎಂಬ ಉತ್ತರ ಬಹಳ ಸಲ ನಿಲ್ಲುವುದಿಲ್ಲ. 1952ರ ಕಾಯಿದೆಯ 16ನೇ ಕಲಂ ಕೊಡುತ್ತಿದ್ದ ವಿನಾಯಿತಿಯಲ್ಲಿ ಎರಡು ಷರತ್ತು ಒಟ್ಟಿಗಿದ್ದವು: ಸಂಸ್ಥೆ ಸರ್ಕಾರದ ಒಡೆತನದಲ್ಲೋ ಹತೋಟಿಯಲ್ಲೋ ಇರಬೇಕು, ನೌಕರರಿಗೆ ಸರ್ಕಾರದ ನಿಯಮದಂತೆ ಭವಿಷ್ಯ ನಿಧಿಯೋ ಪಿಂಚಣಿಯೋ ಸಿಗುತ್ತಿರಬೇಕು. ಹಳೆ ಪಿಂಚಣಿಯವರ ವಿಷಯದಲ್ಲಿ ಎರಡನೇ ಷರತ್ತು ಪೂರ್ತಿಯಾಗುತ್ತದೆ. 2006ರ ನಂತರ ಬಂದು ಯಾವ ಪಿಂಚಣಿಯೂ ಇಲ್ಲದವರ ವಿಷಯದಲ್ಲಿ ಅದು ಪೂರ್ತಿಯಾಗುವುದು ಹೇಗೆ? ಮಂಡಳಿ ಸಂಬಳ ಕೊಡುವ ಅನುದಾನರಹಿತ ಹುದ್ದೆಯವರ ಬಗ್ಗೆಯಂತೂ ಅನುಮಾನವೇ ಬೇಡ.

ಆದರೆ ಇನ್ನೊಂದು ಬಾಗಿಲು ಇದೆ. ಸೇರುವ ದಿನವೇ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ದಾಟಿದ್ದು, ಹಿಂದೆ ಎಂದೂ ಪಿಎಫ್ ಸದಸ್ಯರಾಗಿರದಿದ್ದರೆ ಕಡ್ಡಾಯವಾಗಿ ಸೇರಿಸಬೇಕಿಲ್ಲ. ಶಿಕ್ಷಕರು ಮತ್ತು ಮಂಡಳಿ ಇಬ್ಬರೂ ಒಪ್ಪಿ ಜಂಟಿ ಕೋರಿಕೆ ಕೊಟ್ಟರೆ ಮಾತ್ರ ಸೇರಬಹುದು. ಅನುದಾನಿತ ಹುದ್ದೆಗೆ ಈಗ ಬರುವ ಯಾರ ವೇತನವೂ 15,000 ದಾಟಿಯೇ ಇರುತ್ತದೆ. ಹೊಸಬರಿಗೆ ಮಂಡಳಿ 'ಒಪ್ಪುವುದಿಲ್ಲ' ಎಂದರೆ ದಾರಿ ಕಿರಿದು. ಹಿಂದೆ ಯಾವುದೋ ಅನುದಾನರಹಿತ ಶಾಲೆಯಲ್ಲಿ ದುಡಿದು ಯುಎಎನ್ ಎಂಬ ಪಿಎಫ್ ಸದಸ್ಯ ಸಂಖ್ಯೆ ಇರುವವರು, ಆ ಹಣ ತೆಗೆಯದೆ ಉಳಿಸಿಕೊಂಡಿದ್ದರೆ, ಸದಸ್ಯರಾಗಿಯೇ ಬರುತ್ತಾರೆ. ಅವರನ್ನು ಹೊರಗಿಡುವ ಹಾಗಿಲ್ಲ. ಅನುದಾನಿತ ಹುದ್ದೆ ಸಿಕ್ಕ ಖುಷಿಯಲ್ಲಿ ಹಳೆ ಪಿಎಫ್ ತೆಗೆದುಬಿಡುವವರು ಕೈಯಾರೆ ಈ ಹಕ್ಕನ್ನು ಕಳೆದುಕೊಳ್ಳುತ್ತಾರೆ.

ಪಾಲಿನ ಲೆಕ್ಕ ಹೀಗೆ. ಶಿಕ್ಷಕರ ವೇತನದಿಂದ ಶೇ 12, ಮಂಡಳಿಯ ಕೈಯಿಂದ ಶೇ 12. 15,000ದ ಮಿತಿಯ ಮೇಲೆ ಕಟ್ಟಿದರೆ ತಲಾ 1,800 ರೂಪಾಯಿ. ಮಂಡಳಿಯ 1,800ರಲ್ಲಿ 1,250 ಪಿಂಚಣಿ ನಿಧಿಗೆ, ಅಂದರೆ ಇಪಿಎಸ್‌ಗೆ ಹೋಗುತ್ತದೆ, 550 ಪಿಎಫ್‌ಗೆ. ಇದಲ್ಲದೆ ಮರಣ ವಿಮೆಗೆ 75 ರೂಪಾಯಿ ಮತ್ತು ಶೇ 0.5 ಆಡಳಿತ ಶುಲ್ಕ ಮಂಡಳಿಯದ್ದೇ. ಸರ್ಕಾರದ ವೇತನ ಬಿಲ್ಲಿನಲ್ಲಿ ಮಂಡಳಿಯ ಪಾಲಿಗೆ ಜಾಗವಿಲ್ಲ, ಅದು ಮಂಡಳಿಯ ಸ್ವಂತ ಆದಾಯದಿಂದಲೇ ಬರಬೇಕು. ಕಡೂರು, ಅರಸೀಕೆರೆ ಕಡೆಯ ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಮಕ್ಕಳೂ ಕಡಿಮೆ, ಶುಲ್ಕವೂ ಕಡಿಮೆ. ಅಲ್ಲಿನ ಕಾರ್ಯದರ್ಶಿ 'ಎಲ್ಲಿಂದ ತರಲಿ' ಎಂದರೆ ಅದು ಪೂರ್ತಿ ನೆಪವಲ್ಲ. ಅದೇ ಟ್ರಸ್ಟಿನಲ್ಲಿ ಅನುದಾನರಹಿತ ಪಿಯು ಕಾಲೇಜೋ ಬಿಎಡ್ ಕಾಲೇಜೋ ನಡೆಯುತ್ತಿದ್ದರೆ ಆ ಮಾತು ಒಪ್ಪತಕ್ಕದ್ದಲ್ಲ.

ಒಂದು ತಪ್ಪು ಈಗಲೇ ಹಿಡಿಯಬೇಕಾದದ್ದು. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದ, ಆಗಲೇ 15,000 ದಾಟಿದ ವೇತನ ಇದ್ದವರಿಗೆ ಇಪಿಎಸ್ ಇಲ್ಲ. ಅವರ ಮಂಡಳಿಯ ಪಾಲು ಪೂರ್ತಿ ಪಿಎಫ್‌ಗೇ ಹೋಗಬೇಕು. ಶಾಲೆಯ ಗುಮಾಸ್ತರು ಎಲ್ಲರಿಗೂ ಒಂದೇ ರೀತಿ 1,250 ಹಾಕಿಬಿಡುತ್ತಾರೆ. ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ, 58ನೇ ವಯಸ್ಸಿಗೆ ಪಿಂಚಣಿ ಅರ್ಜಿ ಹಾಕಿದಾಗ 'ಅರ್ಹರಲ್ಲ' ಎಂದು ಬರುತ್ತದೆ. passbook.epfindia.gov.in ನಲ್ಲಿ ನಿಮ್ಮ ಪಾಸ್‌ಬುಕ್ ತೆರೆಯಿರಿ. ಪ್ರತಿ ತಿಂಗಳ ಸಾಲಿನಲ್ಲಿ ನಿಮ್ಮ ಪಾಲು, ಮಂಡಳಿಯ ಪಾಲು, ಪಿಂಚಣಿ ಪಾಲು ಎಂದು ಮೂರು ಮೊತ್ತ ಕಾಣುತ್ತವೆ. ನೀವು ಇಪಿಎಸ್‌ಗೆ ಅರ್ಹರಲ್ಲದಿದ್ದರೆ ಕೊನೆಯ ಮೊತ್ತ ಸೊನ್ನೆ ಇರಬೇಕು. ಇಲ್ಲವಾದರೆ ಸಂಸ್ಥೆಯ ಮೂಲಕ ಪ್ರಾದೇಶಿಕ ಕಚೇರಿಗೆ ಮನವಿ ಕೊಟ್ಟು ಆ ಹಣವನ್ನು ಪಿಎಫ್ ಖಾತೆಗೆ ತಿರುಗಿಸಿಕೊಳ್ಳಿ. ಪ್ರಾದೇಶಿಕ ಕಚೇರಿ ಚಿಕ್ಕಮಗಳೂರಿನಲ್ಲೇ ಇದೆ. ಹಾಸನದ ಸಂಸ್ಥೆಯವರು ತಮ್ಮ ಸಂಸ್ಥೆಯ ಕೋಡ್ ಯಾವ ಕಚೇರಿಯಡಿ ಇದೆಯೆಂದು ಮೊದಲು ನೋಡಿಕೊಂಡರೆ ಸುಮ್ಮನೆ ಅಲೆಯುವುದು ತಪ್ಪುತ್ತದೆ.

ಆ ಪುಟದಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಮೋಸವೂ ಇದೆ. ಪಾಸ್‌ಬುಕ್ಕಿನಲ್ಲಿ ಎರಡೂ ಪಾಲು ಸರಿಯಾಗಿ ಬಂದಿರುತ್ತವೆ, ಆದರೆ ಶಿಕ್ಷಕರಿಂದ ವಸೂಲಾದದ್ದು 1,800 ಅಲ್ಲ, 3,600. ಅಂದರೆ ಮಂಡಳಿ ತನ್ನ ಪಾಲನ್ನೂ ಶಿಕ್ಷಕರಿಂದಲೇ ಪಡೆದಿದೆ. ಅನುದಾನಿತ ವೇತನ ನೇರ ಬ್ಯಾಂಕಿಗೆ ಬರುವುದರಿಂದ ಈ ವಸೂಲಿ ನಗದಿನಲ್ಲೋ ಚೆಕ್ಕಿನಲ್ಲೋ 'ಸಂಸ್ಥೆಯ ಅಭಿವೃದ್ಧಿ ನಿಧಿ' ಎಂಬ ಹೆಸರಿನಲ್ಲೋ ನಡೆಯುತ್ತದೆ. ಮಾಲೀಕರ ಪಾಲನ್ನು ನೌಕರರಿಂದ ವಸೂಲು ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ನಗದು ಕೊಡಬೇಡಿ. ಕೊಡಲೇಬೇಕಾದ ಒತ್ತಡ ಬಂದರೆ ಬ್ಯಾಂಕ್ ವರ್ಗಾವಣೆ ಮಾಡಿ, ವಿವರಣೆಯಲ್ಲಿ 'ಪಿಎಫ್' ಎಂದು ಬರೆಯಿರಿ. ನಾಳೆ ಅದೇ ನಿಮ್ಮ ಸಾಕ್ಷಿ.

ಎನ್‌ಪಿಎಸ್: ಎರಡನೇ ಪಾಲು ಬಂದರೆ ಗಟ್ಟಿ, ಬರದಿದ್ದರೆ ನಿಮ್ಮದೇ ಉಳಿತಾಯ

ಸರ್ಕಾರಿ ನೌಕರರಿಗೆ ಎನ್‌ಪಿಎಸ್‌ನಲ್ಲಿ ಅವರ ಶೇ 10ರ ಜೊತೆ ಸರ್ಕಾರ ಶೇ 14 ಕಟ್ಟುತ್ತದೆ. ಅನುದಾನಿತ ಸಂಸ್ಥೆಗಳ ವಿಷಯದಲ್ಲಿ ಮಾಲೀಕರ ಪಾಲು ಆಡಳಿತ ಮಂಡಳಿಯದ್ದು ಎಂಬುದೇ ಸರ್ಕಾರ ಹಿಡಿದಿರುವ ದಾರಿ. ಮಂಡಳಿಗಳು ಬಹುಪಾಲು ಕಟ್ಟಲಿಲ್ಲ. ಹೀಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿಗೆ ಬಂದವರೇ ಪಿಂಚಣಿ ವಂಚಿತ ನೌಕರರೆಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವರು.

ನಿಮ್ಮ ಹೆಸರಿನಲ್ಲಿ ಪ್ರಾನ್ ಎಂಬ ಎನ್‌ಪಿಎಸ್ ಖಾತೆ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಮಂಡಳಿ ಕಟ್ಟುತ್ತಿದೆ ಎಂದಲ್ಲ. ಖಾತೆಯ ವಿವರದಲ್ಲಿ ವಲಯ ಯಾವುದೆಂದು ನೋಡಿ. 'All Citizen' ಎಂದಿದ್ದರೆ ಅದು ನೀವೇ ತೆರೆದ ಸ್ವಂತ ಖಾತೆಯ ಲೆಕ್ಕ, ಮಾಲೀಕರ ಪಾಲು ಅದರಲ್ಲಿ ಇಲ್ಲ. 'Corporate' ಎಂದಿದ್ದರೆ ಸಂಸ್ಥೆ ನೋಂದಾಯಿಸಿದೆ, ಆದರೂ ವಹಿವಾಟಿನ ಪಟ್ಟಿಯಲ್ಲಿ ಮಾಲೀಕರ ವಂತಿಗೆ ಪ್ರತಿ ತಿಂಗಳು ಬಿದ್ದಿದೆಯೇ ಎಂದು ಸಾಲು ಸಾಲಾಗಿ ನೋಡಬೇಕು. ಮೊದಲ ಆರು ತಿಂಗಳು ಕಟ್ಟಿ ನಿಲ್ಲಿಸಿದ ಖಾತೆಗಳು ಬಹಳ.

ಎನ್‌ಪಿಎಸ್ ಹಣ ಮಾರುಕಟ್ಟೆಗೆ ಕಟ್ಟಿಬಿದ್ದದ್ದು, ಬಡ್ಡಿ ನಿಗದಿಯಿಲ್ಲ. ಕೊನೆಗೆ ಒಂದು ಭಾಗದಲ್ಲಿ ವಿಮಾ ಕಂಪನಿಯಿಂದ ಮಾಸಿಕ ವರ್ಷಾಶನ ಕೊಳ್ಳಲೇಬೇಕು. ಸರ್ಕಾರಿ ವಲಯದ ಖಾತೆಗೆ ಇದು ಕನಿಷ್ಠ ಶೇ 40. ಇತರ ಖಾತೆಗಳಿಗೆ 2025ರ ಕೊನೆಯಲ್ಲಿ ಇದನ್ನು ಸಡಿಲಿಸಿದ್ದಾರೆ. ಆ ವರ್ಷಾಶನಕ್ಕೂ ಇಪಿಎಸ್ ಪಿಂಚಣಿಗೂ ತುಟ್ಟಿಭತ್ಯೆ ಇಲ್ಲ. 60ಕ್ಕೆ ಬಂದ ಮೊತ್ತವೇ 80ಕ್ಕೂ. ಹಳೆ ಪಿಂಚಣಿಯ ಜೊತೆ ಹೋಲಿಸುವಾಗ ಬಹಳ ಜನ ಮರೆಯುವುದು ಇದನ್ನೇ.

ಒಂದು ಲೆಕ್ಕ: ಕಡೂರಿನ ಪ್ರೌಢಶಾಲಾ ಶಿಕ್ಷಕಿ

ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ವಯಸ್ಸು 42. 2015ರಿಂದ ನಾಲ್ಕು ವರ್ಷ ಅರಸೀಕೆರೆಯ ಅನುದಾನರಹಿತ ಶಾಲೆಯಲ್ಲಿ 9,000 ರೂಪಾಯಿ ಸಂಬಳಕ್ಕೆ ದುಡಿದು, ಪಿಎಫ್ ಮತ್ತು ಇಪಿಎಸ್ ಸದಸ್ಯೆಯಾಗಿದ್ದರು. 2019ರಲ್ಲಿ ಕಡೂರು ತಾಲ್ಲೂಕಿನ ಅನುದಾನಿತ ಪ್ರೌಢಶಾಲೆಗೆ ಬಂದರು. ಹಳೆ ಪಿಎಫ್ ಹಾಗೇ ಇದೆ, ಹೊಸ ಮಂಡಳಿ ಇದುವರೆಗೆ ಏನೂ ಕಟ್ಟಿಲ್ಲ. ಈಗ ಮೂಲವೇತನ 52,500, ತುಟ್ಟಿಭತ್ಯೆ ಸೇರಿ ಸುಮಾರು 60,000. ನಿವೃತ್ತಿ 60ಕ್ಕೆ, ಇನ್ನು 18 ವರ್ಷ. ಅವರ ಕೈಯಿಂದ ತಿಂಗಳಿಗೆ 6,000 ರೂಪಾಯಿ ತೆಗೆದಿಡಲು ಆಗುತ್ತದೆ. ಹೋಲಿಕೆ ಸುಲಭವಾಗಲೆಂದು ವೇತನ ಏರುವುದಿಲ್ಲ ಎಂದೇ ಇಟ್ಟುಕೊಂಡಿದ್ದೇವೆ. ಪಿಎಫ್‌ಗೆ 2024-25ರ ಬಡ್ಡಿ ಶೇ 8.25, ಎನ್‌ಪಿಎಸ್‌ಗೆ ಶೇ 8, ವರ್ಷಾಶನಕ್ಕೆ ಶೇ 6 ಎಂದು ಹಿಡಿದಿದ್ದೇವೆ. ಇವು ಊಹೆಯ ದರಗಳು.

ಮೊದಲ ದಾರಿ, ಮಂಡಳಿಯ ಗೊಡವೆಯೇ ಬೇಡವೆಂದು 6,000ವನ್ನೂ ಸ್ವಂತ ಎನ್‌ಪಿಎಸ್‌ಗೆ ಹಾಕುವುದು. 18 ವರ್ಷಕ್ಕೆ ಸುಮಾರು 28.8 ಲಕ್ಷ. ಶೇ 40ನ್ನು ವರ್ಷಾಶನಕ್ಕೆ ಹಾಕಿದರೆ ತಿಂಗಳಿಗೆ 5,760 ರೂಪಾಯಿ, ಕೈಗೆ 17.3 ಲಕ್ಷ.

ಎರಡನೇ ದಾರಿ, ಯುಎಎನ್ ಮುಂದುವರಿಸಿ ಮಂಡಳಿಯಿಂದ 15,000ದ ಮಿತಿಯ ಮೇಲೆ ಪಿಎಫ್ ಕಟ್ಟಿಸುವುದು. ಶಿಕ್ಷಕಿಯ 1,800 ಪಿಎಫ್‌ಗೆ, ಉಳಿದ 4,200 ಎನ್‌ಪಿಎಸ್‌ಗೆ. ಕೈಯಿಂದ ಹೋಗುವುದು ಅದೇ 6,000. ಇಪಿಎಸ್ ಪಾಲು 58ಕ್ಕೆ ನಿಲ್ಲುತ್ತದೆ, ಕೊನೆಯ ಎರಡು ವರ್ಷ ಮಂಡಳಿಯ ಪೂರ್ತಿ 1,800 ಪಿಎಫ್‌ಗೇ ಬರಬೇಕು. ಪಿಎಫ್ ಸುಮಾರು ಹನ್ನೊಂದೂವರೆ ಲಕ್ಷ ಆಗುತ್ತದೆ, ಎನ್‌ಪಿಎಸ್ 20 ಲಕ್ಷ ದಾಟುತ್ತದೆ. ಇಪಿಎಸ್ ಪಿಂಚಣಿಯ ಸೂತ್ರ ಇದು: ಪಿಂಚಣಿಗೆ ಹಿಡಿದ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಹಳೆಯ 4 ವರ್ಷ, ಮುಂದಿನ 16 ವರ್ಷ ಸೇರಿ 20. 20 ತುಂಬಿದರೆ ಎರಡು ವರ್ಷ ಹೆಚ್ಚಿಗೆ ಸೇರಿಸುತ್ತಾರೆ. 15,000 × 22 ÷ 70, ಅಂದರೆ ತಿಂಗಳಿಗೆ 4,714 ರೂಪಾಯಿ. ಎನ್‌ಪಿಎಸ್‌ನ ಶೇ 40ರಿಂದ ಇನ್ನೂ 4,030ರಷ್ಟು. ಒಟ್ಟು ಮಾಸಿಕ 8,700ರ ಮೇಲೆ, ಕೈಗೆ ಸುಮಾರು 23.6 ಲಕ್ಷ.

ಅರಸೀಕೆರೆ ಬಿಟ್ಟಾಗಲೇ ಆ ನಾಲ್ಕು ವರ್ಷದ ಇಪಿಎಸ್ ಹಣ ತೆಗೆದುಬಿಟ್ಟಿದ್ದರೆ? ಸೇವೆ 16 ವರ್ಷಕ್ಕೆ ಇಳಿಯುತ್ತಿತ್ತು, ಹೆಚ್ಚುವರಿ ಎರಡು ವರ್ಷವೂ ಹೋಗುತ್ತಿತ್ತು, ಪಿಂಚಣಿ 3,429 ಆಗುತ್ತಿತ್ತು. ಅಂದು ಕೈಗೆ ಬರುತ್ತಿದ್ದ ಕೆಲವು ಸಾವಿರಕ್ಕೆ ಬದಲಾಗಿ ಜೀವನವಿಡೀ ತಿಂಗಳಿಗೆ 1,285 ರೂಪಾಯಿ ನಷ್ಟ.

ಮೂರನೇ ದಾರಿ, ಮಂಡಳಿಯೂ ಎನ್‌ಪಿಎಸ್‌ಗೆ ಶೇ 10, ಅಂದರೆ 6,000 ಕಟ್ಟುವುದು. ಆಗ ಒಟ್ಟು 57.6 ಲಕ್ಷ, ಮಾಸಿಕ ವರ್ಷಾಶನ 11,520, ಕೈಗೆ ಮೂವತ್ತನಾಲ್ಕೂವರೆ ಲಕ್ಷ. ನೋಡಲು ಇದೇ ಎಲ್ಲಕ್ಕಿಂತ ಚೆನ್ನ. ಆದರೆ ಮಂಡಳಿಯ ಕಡೆಯಿಂದ ನೋಡಿ. ಒಬ್ಬ ಶಿಕ್ಷಕರಿಗೆ ಪಿಎಫ್ ಕಟ್ಟಲು ವಿಮೆ, ಶುಲ್ಕ ಸೇರಿ ತಿಂಗಳಿಗೆ 1,950 ರೂಪಾಯಿ ಸಾಕು, ಎನ್‌ಪಿಎಸ್‌ಗೆ 6,000. ಹತ್ತು ಶಿಕ್ಷಕರಿದ್ದರೆ ವರ್ಷಕ್ಕೆ 2.34 ಲಕ್ಷ ಎದುರು 7.2 ಲಕ್ಷ. ಚಿಕ್ಕ ಪ್ರೌಢಶಾಲೆಯ ಮಂಡಳಿಯನ್ನು ಎನ್‌ಪಿಎಸ್‌ಗೆ ಒಪ್ಪಿಸುವುದು ಕಷ್ಟ, ಒಪ್ಪಿದರೂ ಕಟ್ಟುತ್ತಾ ಹೋಗುವುದು ಇನ್ನೂ ಕಷ್ಟ. ಪಿಎಫ್‌ಗೆ ಕಾನೂನಿನ ಬಲ ಇದೆ.

ಪಕ್ಕದ ಕುರ್ಚಿಯಲ್ಲಿ ಅದೇ ಮೂಲವೇತನದ, 25 ವರ್ಷ ಸೇವೆಯ ಹಳೆ ಪಿಂಚಣಿಯ ಶಿಕ್ಷಕರಿದ್ದರೆ ಅವರ ಪಿಂಚಣಿ 21,875 ರೂಪಾಯಿ, ಮೇಲೆ ತುಟ್ಟಿಭತ್ಯೆ. ಕೈಯಿಂದ 6,000 ಕಟ್ಟದೆಯೇ. ಹೋರಾಟ ಯಾಕೆ ನಿಲ್ಲುತ್ತಿಲ್ಲ ಎಂಬುದಕ್ಕೆ ಈ ಒಂದು ಅಂಕಿ ಸಾಕು.

ಗ್ರಾಚ್ಯುಟಿ ಬೇರೆ ಲೆಕ್ಕ

ಪಿಎಫ್ ಇದ್ದರೂ ಇಲ್ಲದಿದ್ದರೂ ಗ್ರಾಚ್ಯುಟಿಯ ಹಕ್ಕು ಪ್ರತ್ಯೇಕ. ಶಿಕ್ಷಕರನ್ನು ಗ್ರಾಚ್ಯುಟಿ ಕಾಯಿದೆಯೊಳಗೆ ತಂದದ್ದು 2009ರ ತಿದ್ದುಪಡಿ, ಅದು 1997ರ ಏಪ್ರಿಲ್ 3ರಿಂದಲೇ ಅನ್ವಯ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದರೂ ಲೆಕ್ಕದ ಸೂತ್ರ ಹಾಗೆಯೇ ಇದೆ: ಕೊನೆಯ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವಾ ವರ್ಷಗಳಿಂದ ಗುಣಿಸುವುದು. ಗರಿಷ್ಠ 20 ಲಕ್ಷ. ನಮ್ಮ ಕಡೂರಿನ ಶಿಕ್ಷಕಿಗೆ ಅನುದಾನಿತ ಶಾಲೆಯ 25 ವರ್ಷಕ್ಕೆ 60,000ದ ಮೇಲೆ 8,65,385 ರೂಪಾಯಿ.

ಕಟ್ಟಬೇಕಾದವರು ಯಾರು? ಸರ್ಕಾರದ ನಿಯಮದಡಿ ಗ್ರಾಚ್ಯುಟಿ ಸಿಗುವ ಹಳೆ ಪಿಂಚಣಿಯವರಿಗೆ ಸರ್ಕಾರ. ಅದು ಸಿಗದವರಿಗೆ ನೇಮಕ ಮಾಡಿದ ಮಂಡಳಿ. ಇಲ್ಲೂ ಮಂಡಳಿ 'ಸಂಬಳ ಕೊಟ್ಟದ್ದು ನಾವಲ್ಲ' ಎನ್ನುತ್ತದೆ. ಅದಕ್ಕೆ ಉತ್ತರ ನೇಮಕಾತಿ ಆದೇಶದ ಕೆಳಗಿನ ಸಹಿ. ಆ ಆದೇಶದ ಮೂಲ ಪ್ರತಿಯನ್ನು ಶಾಲೆಯ ಬೀರುವಿನಲ್ಲಿ ಬಿಡಬೇಡಿ. ನಿವೃತ್ತಿಯಾದ ಕೂಡಲೇ ಮಂಡಳಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಹಣ ಬರದಿದ್ದರೆ ಕಾರ್ಮಿಕ ಇಲಾಖೆಯಲ್ಲಿರುವ ಗ್ರಾಚ್ಯುಟಿ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು.

ಯಾರು ಯಾವುದನ್ನು ಹಿಡಿಯಬೇಕು

ಯುಎಎನ್ ಇರುವವರು ಕಣ್ಣುಮುಚ್ಚಿ ಪಿಎಫ್ ಮುಂದುವರಿಸಿ, ಉಳಿದದ್ದನ್ನು ಎನ್‌ಪಿಎಸ್‌ಗೋ ಪಿಪಿಎಫ್‌ಗೋ ಹಾಕಿ. ಮಕ್ಕಳು ಚಿಕ್ಕವರಿದ್ದರಂತೂ ಇನ್ನೊಂದು ಕಾರಣ ಇದೆ. ಪಿಎಫ್ ಸದಸ್ಯರು ಸೇವೆಯಲ್ಲಿರುವಾಗ ತೀರಿಕೊಂಡರೆ ವಿಮೆಯಿಂದ 7 ಲಕ್ಷದವರೆಗೆ ಕುಟುಂಬಕ್ಕೆ ಬರುತ್ತದೆ, ಇಪಿಎಸ್‌ನಿಂದ ಸಂಗಾತಿಗೂ ಮಕ್ಕಳಿಗೂ ಪಿಂಚಣಿ. ಸ್ವಂತ ಎನ್‌ಪಿಎಸ್‌ನಲ್ಲಿ ಸಿಗುವುದು ಅಷ್ಟರವರೆಗೆ ಕೂಡಿದ ಹಣ ಮಾತ್ರ, ನಾಲ್ಕನೇ ವರ್ಷಕ್ಕೆ ಅದು ಎಷ್ಟಿದ್ದೀತು.

ಯುಎಎನ್ ಇಲ್ಲದೆ, 15,000 ದಾಟಿದ ವೇತನದಲ್ಲಿ ನೇರ ಸೇರಿದವರು ಜಂಟಿ ಕೋರಿಕೆಗೆ ಮಂಡಳಿಯನ್ನು ಕೇಳಿ, ಲಿಖಿತವಾಗಿಯೇ ಕೇಳಿ. ಒಪ್ಪಿದರೆ ಇಪಿಎಸ್ ಇಲ್ಲದಿದ್ದರೂ ತಿಂಗಳಿಗೆ 3,600 ಪೂರ್ತಿ ಪಿಎಫ್‌ಗೆ ಸೇರುತ್ತದೆ, 18 ವರ್ಷಕ್ಕೆ ಅದು 17 ಲಕ್ಷದ ಆಸುಪಾಸು. ಒಪ್ಪದಿದ್ದರೆ ಸ್ವಂತ ಎನ್‌ಪಿಎಸ್ ಮತ್ತು ಪಿಪಿಎಫ್ ಬಿಟ್ಟು ಬೇರೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ಎನ್‌ಪಿಎಸ್ ವಂತಿಗೆಗೆ ವಿನಾಯಿತಿ ಇಲ್ಲ, ಮಾಲೀಕರ ಪಾಲಿಗೆ ಮಾತ್ರ ಇದೆ ಎಂಬುದನ್ನೂ ಗಮನಿಸಿ. ನಿವೃತ್ತಿಗೆ ಏಳೆಂಟು ವರ್ಷವೇ ಉಳಿದವರು ಮಾರುಕಟ್ಟೆಯ ಏರಿಳಿತಕ್ಕೆ ಹಣ ಒಡ್ಡುವುದಕ್ಕಿಂತ ಪಿಎಫ್‌ನಲ್ಲೇ ಹೆಚ್ಚುವರಿ ವಂತಿಗೆ ಕಟ್ಟುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ನಿಮ್ಮ ವಂತಿಗೆ ವರ್ಷಕ್ಕೆ 2.5 ಲಕ್ಷ ದಾಟಿದರೆ ಮಾತ್ರ ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. ಪದವಿ ಕಾಲೇಜಿನ ಅಧ್ಯಾಪಕರಿಗೂ ಇದೇ ಲೆಕ್ಕ, ವೇತನ ದೊಡ್ಡದು, ಇಲಾಖೆ ಬೇರೆ ಅಷ್ಟೇ.

ಮಂಡಳಿ ಕಟ್ಟದಿದ್ದರೆ

ಒಬ್ಬರೇ ಹೋಗಬೇಡಿ. ಅದೇ ಸ್ಥಿತಿಯ ನಾಲ್ಕೈದು ಜನ ಸೇರಿ, ಮೊದಲು ಕಾರ್ಯದರ್ಶಿಗೆ ಒಂದು ಪತ್ರ ಕೊಡಿ. ಪತ್ರದಲ್ಲಿ ವಾದ ಬೇಡ, ವಿವರ ಇರಲಿ: ಪ್ರತಿಯೊಬ್ಬರ ಸೇರಿದ ದಿನ, ಅನುದಾನದ ದಿನ, ಯುಎಎನ್, ಟ್ರಸ್ಟಿನ ಎಲ್ಲ ಶಾಖೆಗಳ ಒಟ್ಟು ನೌಕರರ ಸಂಖ್ಯೆ. ನೋಂದಾಯಿತ ಅಂಚೆಯಲ್ಲಿ ಕಳಿಸಿ ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ತಿಂಗಳಾದರೂ ಉತ್ತರ ಬರದಿದ್ದರೆ epfigms.gov.in ನಲ್ಲಿ ದೂರು ದಾಖಲಿಸಿ, ಅದೇ ವಿವರ ಮತ್ತು ಪತ್ರದ ಪ್ರತಿ ಲಗತ್ತಿಸಿ. ಬರೀ 'ಪಿಎಫ್ ಕಟ್ಟುತ್ತಿಲ್ಲ' ಎಂದು ಬರೆದ ದೂರಿಗೆ 'ಸಂಸ್ಥೆಯನ್ನು ಸಂಪರ್ಕಿಸಿ' ಎಂಬ ಉತ್ತರ ಬಂದು ಮುಗಿದುಹೋಗುತ್ತದೆ. ನೌಕರರ ಸಂಖ್ಯೆ ಮತ್ತು ಯುಎಎನ್ ಇರುವ ದೂರನ್ನು ಹಾಗೆ ಮುಚ್ಚುವುದು ಕಷ್ಟ. ಬಾಕಿ ನಿರ್ಧರಿಸುವ ವಿಚಾರಣೆ ಶುರುವಾದರೆ ಮಂಡಳಿ ಬಾಕಿಯ ಜೊತೆ ಶೇ 12 ಬಡ್ಡಿ ಮತ್ತು ದಂಡ ಕಟ್ಟಬೇಕಾಗುತ್ತದೆ. ನೋಟಿಸ್ ಬಂದ ಮೇಲೆ ಬಹಳ ಮಂಡಳಿಗಳು ಮಾತಿಗೆ ಬರುವುದು ಈ ಕಾರಣಕ್ಕೇ.

ತಡ ಮಾಡಬಾರದು. ಹೊಸ ಸಂಹಿತೆಯಲ್ಲಿ ಇಂಥ ವಿಚಾರಣೆ ಆರಂಭಿಸಲು ಐದು ವರ್ಷದ ಮಿತಿ ಬಂದಿದೆ. 2019ರಿಂದ ಕಟ್ಟದೆ ಬಿಟ್ಟ ಹಣ ಕೇಳಲು 60 ಆಗುವವರೆಗೆ ಕಾಯುವ ಕಾಲ ಮುಗಿದಿದೆ. ಮುಖ್ಯಶಿಕ್ಷಕರಿಗೆ ಬೇಸರವಾದೀತು, ಮಂಡಳಿಯವರು ಊರಿನವರೇ ಎಂಬ ಮುಲಾಜು ಇರುವುದು ನಿಜ. ಅದಕ್ಕೇ ಮೊದಲ ಪತ್ರ ಕಾರ್ಯದರ್ಶಿಗೇ ಹೋಗಲಿ, ದೂರಿನ ಮಾತು ಅದರಲ್ಲಿ ಬೇಡ, ಮುಂದಿನ ತಿಂಗಳ ಚಲನ್‌ನಿಂದ ಶುರು ಮಾಡಿ ಎಂಬ ಕೋರಿಕೆ ಇದ್ದರೆ ಸಾಕು.